ಬಿಲ್ ಹೋಗಿದೆ, ಆದಾಯ ಬಂದಿದೆಯೇ?

2009ರ ಜನವರಿ 7ರಂದು ಹೈದರಾಬಾದಿನ ಸತ್ಯಂ ಕಂಪ್ಯೂಟರ್ಸ್‌ನ ಅಧ್ಯಕ್ಷ ಬಿ. ರಾಮಲಿಂಗ ರಾಜು ನಿರ್ದೇಶಕ ಮಂಡಳಿಗೆ ಒಂದು ಪತ್ರ ಬರೆದರು. ಲೆಕ್ಕಪತ್ರದಲ್ಲಿ ತೋರಿಸಿದ್ದ ಐದು ಸಾವಿರ ಕೋಟಿ ರೂಪಾಯಿಗೂ ಮಿಕ್ಕ ಹಣ ಅಸಲಿಗೆ ಇಲ್ಲವೇ ಇಲ್ಲ ಎಂದು ಅದರಲ್ಲಿ ಒಪ್ಪಿಕೊಂಡಿದ್ದರು. ತನಿಖೆ ಕೈಗೆತ್ತಿಕೊಂಡ ಸಿಬಿಐಗೆ ಮುಖ್ಯ ಸುಳಿವು ಸಿಕ್ಕಿದ್ದು ಕಂಪನಿಯ ಬಿಲ್ಲಿಂಗ್ ಸಾಫ್ಟ್‌ವೇರ್‌ನ ಒಂದೇ ಒಂದು ಕಾಲಂನಲ್ಲಿ. ಪ್ರತಿ ಇನ್‌ವಾಯ್ಸ್ ಯಾವ ಸ್ಥಿತಿಯಲ್ಲಿದೆ ಎಂದು ಹೇಳುವ ಕಾಲಂ ಅದು. 2003ರ ಏಪ್ರಿಲ್‌ನಿಂದ 2008ರ ಡಿಸೆಂಬರ್‌ವರೆಗೆ ತಯಾರಾದ ಸುಮಾರು 75 ಸಾವಿರ ಇನ್‌ವಾಯ್ಸ್‌ಗಳ ಪೈಕಿ 7,561ರ ಮುಂದೆ ಅಲ್ಲಿ ‘ಎಸ್’ ಎಂಬ ಅಕ್ಷರ ಕೂತಿತ್ತು. ಆ ಅಕ್ಷರ ಬಿದ್ದ ಇನ್‌ವಾಯ್ಸ್ ವ್ಯಾಪಾರ ವಿಭಾಗದವರ ಪರದೆಯಲ್ಲಿ ಕಾಣುತ್ತಿರಲಿಲ್ಲ. ಕಂಡಿದ್ದರೆ, ‘ಈ ಗ್ರಾಹಕರಿಗೆ ನಾವು ಇಂಥ ಕೆಲಸವನ್ನೇ ಮಾಡಿಲ್ಲವಲ್ಲ’ ಎಂದು ಅವರು ಕೇಳುತ್ತಿದ್ದರು. ಹಣಕಾಸು ವಿಭಾಗದ ಲೆಕ್ಕದಲ್ಲಿ ಮಾತ್ರ ಅವೆಲ್ಲ ಮಾರಾಟವಾಗಿ ಸೇರಿಕೊಂಡಿದ್ದವು. ಸಿಬಿಐ ಹೇಳಿದಂತೆ ಅವುಗಳ ಒಟ್ಟು ಮೊತ್ತ ₹5,117 ಕೋಟಿ. 2015ರ ಏಪ್ರಿಲ್‌ನಲ್ಲಿ ಹೈದರಾಬಾದಿನ ವಿಶೇಷ ನ್ಯಾಯಾಲಯ ರಾಜು ಮತ್ತು ಇತರರನ್ನು ತಪ್ಪಿತಸ್ಥರೆಂದು ಘೋಷಿಸಿತು.

ಸತ್ಯಂನಲ್ಲಿ ನಡೆದದ್ದು ಉದ್ದೇಶಪೂರ್ವಕ ಮೋಸ. ಆದರೆ ಯಾವ ದುರುದ್ದೇಶವೂ ಇಲ್ಲದ ಸಣ್ಣ ಕಂಪನಿಗಳ ವರದಿಗಳಲ್ಲೂ ಆದಾಯದ ಅಂಕಿ ತಪ್ಪುವುದು ಬಹುಮಟ್ಟಿಗೆ ಇದೇ ಜಾಗದಲ್ಲಿ. ಇನ್‌ವಾಯ್ಸ್‌ನ ಸ್ಥಿತಿ ಹೇಳುವುದೇ ಒಂದು, ವರದಿ ಅದನ್ನು ಅರ್ಥಮಾಡಿಕೊಳ್ಳುವುದೇ ಇನ್ನೊಂದು.

ಇಂದು ಅಂತರ್ಜಾಲದ ಮೂಲಕ ಚಂದಾ ಸೇವೆ ಮಾರುವ ಲೆಕ್ಕವಿಲ್ಲದಷ್ಟು ಕಂಪನಿಗಳು ಸ್ಟ್ರೈಪ್ ಎಂಬ ಪಾವತಿ ಸಂಸ್ಥೆಯ ಬಿಲ್ಲಿಂಗ್ ವ್ಯವಸ್ಥೆಯನ್ನು ಬಳಸುತ್ತವೆ. ಐರ್ಲೆಂಡ್ ಮೂಲದ ಪ್ಯಾಟ್ರಿಕ್ ಮತ್ತು ಜಾನ್ ಕಾಲಿಸನ್ ಸಹೋದರರು 2010ರಲ್ಲಿ ಕಟ್ಟಿದ ಸಂಸ್ಥೆ ಅದು. ಅದರಲ್ಲಿ ಇನ್‌ವಾಯ್ಸ್‌ಗೆ ಐದೇ ಸ್ಥಿತಿಗಳು: ಡ್ರಾಫ್ಟ್, ಓಪನ್, ಪೇಯ್ಡ್, ವಾಯ್ಡ್, ಅನ್‌ಕಲೆಕ್ಟಿಬಲ್. ಹೆಸರು ಅಷ್ಟಿಷ್ಟು ಬದಲಾದರೂ ಬೇರೆ ಬಿಲ್ಲಿಂಗ್ ತಂತ್ರಾಂಶಗಳಲ್ಲೂ ಹೆಚ್ಚುಕಡಿಮೆ ಇದೇ ವಿಂಗಡಣೆ ಸಿಗುತ್ತದೆ. ಕರಡು, ಬಾಕಿ, ಪಾವತಿ, ರದ್ದು, ವಸೂಲಾಗದ್ದು ಎಂದು ಹೇಳಿದರೆ ಯಾವ ಮಂಡಿ ಗುಮಾಸ್ತರಿಗೂ ತಟ್ಟನೆ ಅರ್ಥವಾಗುತ್ತದೆ. ಕಷ್ಟ ಶುರುವಾಗುವುದು ಈ ಐದನ್ನೂ ಒಂದೇ ವರದಿಯಲ್ಲಿ ಕೂಡಲು ಹೊರಟಾಗ.

ಮೈಸೂರಿನಲ್ಲಿ ಕ್ಲಿನಿಕ್‌ಗಳಿಗೆ ಸಾಫ್ಟ್‌ವೇರ್ ಮಾರುವ ಒಂದು ಸಣ್ಣ ಕಂಪನಿ ಇದೆ ಎಂದಿಟ್ಟುಕೊಳ್ಳೋಣ. ಮಾರ್ಚ್ 31ರ ಸಂಜೆ ಅದರ ಪರದೆಯಲ್ಲಿ ಐದು ಬಿಲ್‌ಗಳಿವೆ. ಒಂದು, ₹60,000ದ ಕರಡು. ಏಪ್ರಿಲ್‌ನಲ್ಲಿ ಮಾಡಬೇಕಾದ ತರಬೇತಿಗೆ ಮೊದಲೇ ತಯಾರಿಸಿಟ್ಟದ್ದು. ಎರಡನೆಯದು ಮಾರ್ಚ್ 1ರಿಂದ ಶುರುವಾದ ಒಂದು ವರ್ಷದ ಚಂದಾ, ₹1,20,000. ಬಿಲ್ ಹೋಗಿದೆ, ಹಣ ಬಂದಿಲ್ಲ. ಮೂರನೆಯದು ಮಾರ್ಚ್‌ನಲ್ಲಿ ಮುಗಿಸಿದ ಅಳವಡಿಕೆ ಕೆಲಸದ ₹45,000, ಹಣ ಕೈಸೇರಿದೆ. ನಾಲ್ಕನೆಯದು ಅದೇ ಕೆಲಸಕ್ಕೆ ಕಣ್ತಪ್ಪಿನಿಂದ ಎರಡನೇ ಸಲ ಹೋಗಿದ್ದ ₹45,000ದ ಬಿಲ್, ಈಗ ರದ್ದಾಗಿದೆ. ಐದನೆಯದು ಹಿಂದಿನ ಡಿಸೆಂಬರ್‌ನಲ್ಲಿ ಕೆಲಸ ಮಾಡಿಕೊಟ್ಟ ₹50,000; ಆ ಕ್ಲಿನಿಕ್ ಬಾಗಿಲು ಮುಚ್ಚಿದೆ, ಹಣ ಬರುವ ದಾರಿಯಿಲ್ಲ ಎಂದು ಮಾರ್ಚ್ 25ರಂದು ಅದನ್ನು ವಸೂಲಾಗದ ಪಟ್ಟಿಗೆ ಸೇರಿಸಲಾಗಿದೆ. ಲೆಕ್ಕ ಸರಳವಾಗಿರಲಿ ಎಂದು ಜಿಎಸ್‌ಟಿಯನ್ನು ಸದ್ಯಕ್ಕೆ ಪಕ್ಕಕ್ಕಿಟ್ಟಿದೆ.

ಎಲ್ಲವನ್ನೂ ಕೂಡಿದರೆ ₹3,20,000. ಬ್ಯಾಂಕಿಗೆ ಬಂದದ್ದು ₹45,000. ಹಾಗಾದರೆ ಮಾರ್ಚ್ ತಿಂಗಳ ಆದಾಯ? ಇವೆರಡೂ ಅಲ್ಲ, ₹55,000. ಅಳವಡಿಕೆಯ ₹45,000 ಮತ್ತು ವರ್ಷದ ಚಂದಾದಲ್ಲಿ ಮಾರ್ಚ್ ತಿಂಗಳ ಪಾಲಾದ ₹10,000. ಉಳಿದ ಯಾವ ಮೊತ್ತವೂ ಮಾರ್ಚ್‌ನ ಆದಾಯವಲ್ಲ. ಆದರೆ ಪ್ರತಿಯೊಂದೂ ಹೊರಗುಳಿಯುವ ಕಾರಣ ಬೇರೆ ಬೇರೆ.

ಕರಡಿನದ್ದು ನೋಡೋಣ. ಸ್ಟ್ರೈಪ್‌ನಲ್ಲಿ ಚಂದಾ ಬಿಲ್ ತಾನಾಗಿಯೇ ತಯಾರಾದ ಮೇಲೆ ಸುಮಾರು ಒಂದು ಗಂಟೆ ಡ್ರಾಫ್ಟ್ ಆಗಿ ಉಳಿಯುತ್ತದೆ. ಆ ಹೊತ್ತಿನಲ್ಲಿ ಮೊತ್ತ ತಿದ್ದಬಹುದು, ಸಾಲು ಸೇರಿಸಬಹುದು. ಅಂತಿಮಗೊಳಿಸಿದ ಕ್ಷಣ ಅದಕ್ಕೆ ಕ್ರಮಸಂಖ್ಯೆ ಬೀಳುತ್ತದೆ, ಸ್ಥಿತಿ ಓಪನ್ ಆಗುತ್ತದೆ, ಅಲ್ಲಿಂದ ಮುಂದೆ ಮೊತ್ತಕ್ಕೆ ಕೈಹಾಕುವಂತಿಲ್ಲ. ನಮ್ಮ ಜಿಎಸ್‌ಟಿ ನಿಯಮಗಳೂ ತೆರಿಗೆ ಇನ್‌ವಾಯ್ಸ್‌ಗೆ ಹಣಕಾಸು ವರ್ಷದೊಳಗೆ ಮರುಕಳಿಸದ, ಸರಣಿ ತಪ್ಪದ, 16 ಅಕ್ಷರ ಮೀರದ ಸಂಖ್ಯೆ ಇರಬೇಕೆನ್ನುತ್ತವೆ. ಸಂಖ್ಯೆಯೇ ಬೀಳದ ಕರಡನ್ನು ಯಾರೂ ಯಾರಿಗೂ ಕೊಟ್ಟಿಲ್ಲ; ಹಾಗಾಗಿ ಅದು ಮಾರಾಟದ ವರದಿಯಲ್ಲಿ ಇರಬಾರದು.

ಇಲ್ಲೊಂದು ಎಚ್ಚರಿಕೆ ಬೇಕು. ಬಿಲ್ ಕರಡಿನಲ್ಲಿದೆ ಎಂದಮಾತ್ರಕ್ಕೆ ಆದಾಯ ಸೊನ್ನೆ ಎಂದಲ್ಲ. ಬಳಸಿದಷ್ಟಕ್ಕೆ ದುಡ್ಡು ಎಂಬ ಕರಾರಿನಲ್ಲಿ ಮಾರ್ಚ್‌ನ ಬಳಕೆಗೆ ಏಪ್ರಿಲ್ 1ರಂದು ಬಿಲ್ ತಯಾರಾಗುತ್ತದೆ. ಕೆಲಸ ಮಾರ್ಚ್‌ನಲ್ಲೇ ಆಗಿದೆ, ಗ್ರಾಹಕ ಬಳಸಿಯೂ ಆಗಿದೆ. ಅಂಥ ಮೊತ್ತ ಮಾರ್ಚ್‌ಗೇ ಸೇರಬೇಕು, ಬಿಲ್ ಆಗದ ಆದಾಯ ಎಂಬ ಪ್ರತ್ಯೇಕ ಸಾಲಿನಲ್ಲಿ. ನಮ್ಮ ಮೈಸೂರಿನ ಕಂಪನಿಯ ₹60,000 ಹೊರಗುಳಿದದ್ದು ಅದು ಕರಡು ಎಂಬ ಕಾರಣಕ್ಕಲ್ಲ. ತರಬೇತಿ ಇನ್ನೂ ನಡೆದೇ ಇಲ್ಲ ಎಂಬ ಕಾರಣಕ್ಕೆ. ಭಾರತದಲ್ಲಿ ದೊಡ್ಡ ಕಂಪನಿಗಳು 2018ರ ಏಪ್ರಿಲ್‌ನಿಂದ ಪಾಲಿಸುತ್ತಿರುವ ಇಂಡ್ ಎಎಸ್ 115 ಎಂಬ ಲೆಕ್ಕಪತ್ರ ಮಾನದಂಡದ ತಿರುಳೂ ಇದೇ: ಒಪ್ಪಿಕೊಂಡ ಸರಕು ಅಥವಾ ಸೇವೆ ಗ್ರಾಹಕನ ಕೈಗೆ ಯಾವಾಗ ಹೋಯಿತೋ ಆದಾಯ ಆಗ.

ಓಪನ್ ಬಿಲ್‌ನ ₹1,20,000 ದೊಡ್ಡದಾಗಿ ಕಾಣುತ್ತದೆ. ಮಾಲೀಕರ ಕಣ್ಣು ಹೋಗುವುದೂ ಅಲ್ಲಿಗೇ. ಕರಾರು ರದ್ದುಮಾಡುವಂತಿಲ್ಲ, ಹಣ ಕೊಡಬೇಕಾದ ದಿನವೂ ಬಂದಿದೆ ಎಂದಾದರೆ ಇಡೀ ಮೊತ್ತವನ್ನು ಬರಬೇಕಾದ ಬಾಕಿ ಎಂದು ತೋರಿಸಬಹುದು. ಅದರಲ್ಲಿ ₹10,000 ಮಾರ್ಚ್‌ನ ಆದಾಯ. ಮಿಕ್ಕ ₹1,10,000 ಕಂಪನಿಯ ಹೊಣೆ. ಇನ್ನೂ ಹನ್ನೊಂದು ತಿಂಗಳು ಸೇವೆ ಕೊಡಬೇಕಲ್ಲ. ಪ್ರತಿ ತಿಂಗಳೂ ₹10,000ದಂತೆ ಆ ಹೊಣೆ ಕರಗಿ ಆದಾಯವಾಗುತ್ತ ಹೋಗುತ್ತದೆ. ಗ್ರಾಹಕ ಬೇಕೆಂದಾಗ ಬಿಟ್ಟುಹೋಗಬಹುದು, ಹಣ ಕೊಡುವ ಗಡುವೂ ಬಂದಿಲ್ಲ ಎಂದಾದರೆ ಬಾಕಿಯನ್ನೂ ಹೊಣೆಯನ್ನೂ ಹೀಗೆ ಎರಡೂ ಕಡೆ ಉಬ್ಬಿಸಿ ತೋರಿಸುವುದನ್ನು ಲೆಕ್ಕ ಪರಿಶೋಧಕರು ಒಪ್ಪುವುದಿಲ್ಲ.

ಓಪನ್ ಎಂಬ ಪದದೊಳಗೆ ನಿನ್ನೆ ಕಳಿಸಿದ ಬಿಲ್ಲೂ ಇರುತ್ತದೆ, ಇನ್ನೂರು ದಿನದಿಂದ ಕೊಳೆಯುತ್ತಿರುವ ಬಿಲ್ಲೂ ಇರುತ್ತದೆ. ಗಡುವು ಮೀರಿದ್ದು ಎಂಬುದು ಸ್ಟ್ರೈಪ್‌ನಲ್ಲಿ ಪ್ರತ್ಯೇಕ ಸ್ಥಿತಿಯಲ್ಲ; ಕೊನೆಯ ದಿನಾಂಕವನ್ನು ಇಂದಿನ ದಿನಾಂಕದೊಂದಿಗೆ ಹೋಲಿಸಿ ಕಂಡುಕೊಳ್ಳಬೇಕು. ಅದಕ್ಕೇ ಅನುಭವಿ ಲೆಕ್ಕಿಗರು ಬಾಕಿಯ ಒಟ್ಟು ಮೊತ್ತ ನೋಡಿ ಸುಮ್ಮನಾಗುವುದಿಲ್ಲ. 30 ದಿನದೊಳಗಿನದ್ದೆಷ್ಟು, 60 ದಾಟಿದ್ದೆಷ್ಟು, 90 ದಾಟಿದ್ದೆಷ್ಟು ಎಂದು ವಯಸ್ಸಿನ ಪ್ರಕಾರ ಬಿಡಿಸಿ ನೋಡುತ್ತಾರೆ. ಹಳೆಯ ಬಾಕಿಯಲ್ಲಿ ಒಂದಷ್ಟು ಮುಳುಗುತ್ತದೆಂದು ಅಂದಾಜಿಸಿ, ಯಾವುದೇ ಬಿಲ್‌ನ ಸ್ಥಿತಿ ಬದಲಾಗುವ ಮೊದಲೇ ಅದಕ್ಕೆ ಹಣ ಎತ್ತಿಡುತ್ತಾರೆ.

ನಮ್ಮ ದೇಶದಲ್ಲಿ ಓಪನ್ ಬಿಲ್‌ಗಳಿಗೆ ಇನ್ನೊಂದು ಕಾಟವಿದೆ: ಟಿಡಿಎಸ್. ₹1,20,000ದ ಬಿಲ್‌ಗೆ ಗ್ರಾಹಕ ಶೇ 10ರಷ್ಟು ತೆರಿಗೆ ಮುರಿದುಕೊಂಡರೆ ಕೈಗೆ ಬರುವುದು ₹1,08,000. ಬಿಲ್ಲಿಂಗ್ ತಂತ್ರಾಂಶಕ್ಕೆ ಟಿಡಿಎಸ್ ಗೊತ್ತಿಲ್ಲದಿದ್ದರೆ ಉಳಿದ ₹12,000ಕ್ಕಾಗಿ ಆ ಬಿಲ್ ತಿಂಗಳುಗಟ್ಟಲೆ ಬಾಕಿಯಾಗಿಯೇ ಕೂರುತ್ತದೆ. ವರ್ಷದ ಕೊನೆಗೆ ಯಾರೋ ಬೇಸತ್ತು ಅದನ್ನು ವಸೂಲಾಗದ್ದು ಎಂದು ಗುರುತು ಹಾಕಿಬಿಡುತ್ತಾರೆ. ಇದು ಶುದ್ಧ ತಪ್ಪು. ಆ ₹12,000 ಎಲ್ಲಿಯೂ ಮುಳುಗಿಲ್ಲ. ಕಂಪನಿಯ ಹೆಸರಿನಲ್ಲಿ ಆದಾಯ ತೆರಿಗೆ ಇಲಾಖೆಗೆ ಕಟ್ಟಿದ ಹಣ ಅದು. ಅದನ್ನು ಮುಂಗಡ ತೆರಿಗೆಯ ಸಾಲಿಗೆ ಸರಿಸಿ, ಬಿಲ್ ಪೂರ್ತಿ ಸಂದಾಯವಾಗಿದೆ ಎಂದು ಮುಚ್ಚಬೇಕು.

ಪೇಯ್ಡ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ, ಆದರೆ ಅದನ್ನೇ ಆದಾಯವೆಂದು ನಂಬಬಾರದು. ಮೊತ್ತ ಸೊನ್ನೆಯಾದ ಬಿಲ್ ಅಂತಿಮಗೊಂಡ ಕೂಡಲೇ ತಾನೇ ಪೇಯ್ಡ್ ಆಗುತ್ತದೆ. ಚೆಕ್ ಅಥವಾ ನಗದು ಹೊರಗಿನಿಂದ ಬಂತೆಂದು ಕೈಯಾರೆ ಗುರುತು ಹಾಕಿದರೂ ಪೇಯ್ಡ್ ಆಗುತ್ತದೆ, ಬ್ಯಾಂಕಿನ ಪಟ್ಟಿಯೊಂದಿಗೆ ತಾಳೆ ನೋಡಿದವರಷ್ಟೇ ಆ ಹಣ ನಿಜಕ್ಕೂ ಬಂತೋ ಇಲ್ಲವೋ ಹೇಳಬಲ್ಲರು. ಹಣ ವಾಪಸು ಕೊಟ್ಟರೂ ಸ್ಥಿತಿ ಪೇಯ್ಡ್ ಆಗಿಯೇ ಉಳಿಯುತ್ತದೆ. ವಾಪಸಾತಿ ಬೇರೆ ದಾಖಲೆ. ಪೇಯ್ಡ್ ಬಿಲ್‌ಗಳನ್ನಷ್ಟೇ ಕೂಡಿಸುವ ವರದಿಯಲ್ಲಿ ಮರಳಿಸಿದ ಹಣವೂ ಸೇರಿಕೊಂಡಿರುತ್ತದೆ.

ಎಡವಟ್ಟು ಹೆಚ್ಚಾಗಿ ಆಗುವುದು ಕೊನೆಯ ಎರಡು ಸ್ಥಿತಿಗಳ ನಡುವೆ. ವಾಯ್ಡ್ ಆಗಲಿ, ಅನ್‌ಕಲೆಕ್ಟಿಬಲ್ ಆಗಲಿ, ಒಟ್ಟಿನಲ್ಲಿ ಹಣ ಬರುವುದಿಲ್ಲ. ಆದ್ದರಿಂದ ಬಾಕಿ ಪಟ್ಟಿ ಚೊಕ್ಕಟ ಮಾಡಲು ಕೂತವರು ಕೈಗೆ ಸಿಕ್ಕ ಗುಂಡಿ ಒತ್ತಿಬಿಡುತ್ತಾರೆ. ಲೆಕ್ಕದ ದೃಷ್ಟಿಯಿಂದ ಇವೆರಡೂ ಒಂದಕ್ಕೊಂದು ತೀರ ವಿರುದ್ಧವಾದ ಹೇಳಿಕೆಗಳು. ವಾಯ್ಡ್ ಎಂದರೆ ಈ ಮಾರಾಟ ನಡೆದೇ ಇರಲಿಲ್ಲ, ಬಿಲ್ ಹೋದದ್ದೇ ತಪ್ಪು. ಅನ್‌ಕಲೆಕ್ಟಿಬಲ್ ಎಂದರೆ ಮಾರಾಟ ನಡೆದದ್ದು ನಿಜ, ಕೆಲಸ ಮಾಡಿಕೊಟ್ಟದ್ದು ನಿಜ, ಹಣ ಮಾತ್ರ ಬರಲಿಲ್ಲ. ಎರಡು ಸಲ ಹೋದ ₹45,000ದ ಬಿಲ್‌ಗೆ ಮೊದಲನೆಯದು ಸರಿ. ಬಾಗಿಲು ಮುಚ್ಚಿದ ಕ್ಲಿನಿಕ್‌ನ ₹50,000ಕ್ಕೆ ಎರಡನೆಯದು.

ಅದಲುಬದಲಾದರೆ ಏನಾಗುತ್ತದೆ? ಮುಚ್ಚಿದ ಕ್ಲಿನಿಕ್‌ನ ಬಿಲ್ಲನ್ನು ವಾಯ್ಡ್ ಮಾಡಿದರೆ, ಕಂಪನಿಗೆ ಮುಳುಗಿದ ಸಾಲವೇ ಇಲ್ಲ ಎಂಬ ಚಿತ್ರ ಹುಟ್ಟುತ್ತದೆ. ವರ್ಷಕ್ಕೆ ಎಷ್ಟು ಗ್ರಾಹಕರು ಕೈಕೊಡುತ್ತಾರೆ ಎಂದು ತಿಳಿಯಬೇಕಾದ ಸಾಲದಾತರಿಗೆ, ಹೂಡಿಕೆದಾರರಿಗೆ, ಕಡೆಗೆ ಮಾಲೀಕರಿಗೇ ಅದು ಕಾಣದೆ ಹೋಗುತ್ತದೆ. ಎರಡು ಸಲ ಹೋದ ಬಿಲ್ಲನ್ನು ಅನ್‌ಕಲೆಕ್ಟಿಬಲ್ ಎಂದು ಗುರುತಿಸಿದರೆ ಇನ್ನೂ ಕೆಟ್ಟದ್ದು: ನಡೆಯದ ಮಾರಾಟ ಆದಾಯದಲ್ಲಿ ಉಳಿದು, ಅಷ್ಟೇ ಮೊತ್ತದ ಸುಳ್ಳು ನಷ್ಟ ಖರ್ಚಿನಲ್ಲಿ ಸೇರುತ್ತದೆ. ಲಾಭದ ಅಂಕಿ ಸರಿಯಾಗಿಯೇ ಬರುವುದರಿಂದ ಈ ತಪ್ಪು ಬೇಗ ಸಿಕ್ಕಿಬೀಳುವುದಿಲ್ಲ. ವಹಿವಾಟು ಮಾತ್ರ ಉಬ್ಬಿರುತ್ತದೆ, ಸಂಪೂರ್ಣ ಪ್ರಾಮಾಣಿಕ ಗ್ರಾಹಕನೊಬ್ಬ ಬಾಕಿದಾರರ ಪಟ್ಟಿ ಸೇರಿರುತ್ತಾನೆ.

ಸ್ಟ್ರೈಪ್ ಈ ವ್ಯತ್ಯಾಸವನ್ನು ನಿಯಮದಲ್ಲೇ ಕಟ್ಟಿಹಾಕಿದೆ. ವಾಯ್ಡ್ ಆದ ಬಿಲ್ ವರದಿಗಳಲ್ಲಿ ಸೊನ್ನೆ ಮೊತ್ತವೆಂದು ಪರಿಗಣಿತವಾಗುತ್ತದೆ, ಅಲ್ಲಿಂದ ಹಿಂದಕ್ಕೆ ಬರುವ ದಾರಿಯಿಲ್ಲ. ಆದರೆ ಅಳಿಸಿಹೋಗುವುದಿಲ್ಲ, ಅದರ ಸಂಖ್ಯೆ ದಾಖಲೆಯಲ್ಲಿ ಉಳಿಯುತ್ತದೆ. ಅನ್‌ಕಲೆಕ್ಟಿಬಲ್ ಆದ ಬಿಲ್‌ಗೆ ಬಾಗಿಲು ತೆರೆದೇ ಇರುತ್ತದೆ. ನಾಳೆ ಹಣ ಬಂದರೆ ಪೇಯ್ಡ್ ಆಗಬಹುದು, ಬಿಲ್ಲೇ ತಪ್ಪಾಗಿತ್ತೆಂದು ತಿಳಿದುಬಂದರೆ ವಾಯ್ಡ್ ಕೂಡ ಆಗಬಹುದು.

ತೆರಿಗೆಯಲ್ಲೂ ಇವೆರಡರ ಹಾದಿ ಬೇರೆ. ವರ್ಷಕ್ಕೆ ಐದು ಕೋಟಿ ಮೀರಿದ ವಹಿವಾಟಿನ ಕಂಪನಿಗಳಿಗೆ 2023ರ ಆಗಸ್ಟ್ 1ರಿಂದ ಇ-ಇನ್‌ವಾಯ್ಸ್ ಕಡ್ಡಾಯ. ಅಂಥ ಬಿಲ್ಲನ್ನು ಸರ್ಕಾರಿ ಪೋರ್ಟಲ್‌ನಲ್ಲಿ 24 ಗಂಟೆಯೊಳಗೆ ಮಾತ್ರ ರದ್ದುಮಾಡಬಹುದು, ಆ ಸಂಖ್ಯೆಯನ್ನು ಮತ್ತೆ ಬಳಸುವಂತಿಲ್ಲ. ಗಡುವು ದಾಟಿದ ಮೇಲೆ ತನ್ನ ತಂತ್ರಾಂಶದಲ್ಲಿ ವಾಯ್ಡ್ ಒತ್ತಿದರೆ ಸಾಲದು, ಕ್ರೆಡಿಟ್ ನೋಟ್ ಕೊಡಬೇಕು. ವಸೂಲಾಗದ ಬಿಲ್‌ಗೆ ಆ ಸೌಲಭ್ಯವೂ ಇಲ್ಲ. ಬಿಲ್ ಮೊತ್ತ ಜಾಸ್ತಿಯಾಗಿತ್ತು, ಸರಕು ವಾಪಸು ಬಂತು, ಸೇವೆಯಲ್ಲಿ ಕೊರತೆಯಾಯಿತು ಎಂಬಂಥ ಕಾರಣಗಳಿಗೆ ಜಿಎಸ್‌ಟಿ ಕಾನೂನು ಕ್ರೆಡಿಟ್ ನೋಟ್ ಒಪ್ಪುತ್ತದೆ. ಗ್ರಾಹಕ ಹಣ ಕೊಡಲಿಲ್ಲ ಎಂಬುದು ಆ ಪಟ್ಟಿಯಲ್ಲಿಲ್ಲ. ಶೇ 18ರ ದರದಲ್ಲಿ ₹50,000ಕ್ಕೆ ಡಿಸೆಂಬರ್‌ನಲ್ಲೇ ಕಟ್ಟಿದ ₹9,000 ಮರಳಿ ಬರುವುದಿಲ್ಲ. ಬ್ರಿಟನ್ನಿನಲ್ಲಿ ಆರು ತಿಂಗಳು ಕಳೆದರೂ ಬಾರದ ಬಾಕಿಯ ಮೇಲಿನ ವ್ಯಾಟ್ ಹಿಂದಕ್ಕೆ ಪಡೆಯುವ ಅವಕಾಶವಿದೆ, ಇಲ್ಲಿ ಅಂಥದ್ದಿಲ್ಲ. ಬಾರದ ಹಣಕ್ಕೆ ತೆರಿಗೆ ಕಟ್ಟಿದ ಸಣ್ಣ ಉದ್ದಿಮೆದಾರರಿಗೆ ಇದು ಅನ್ಯಾಯವೇ. ಆ ಸಿಟ್ಟಿನಲ್ಲಿ ಕೆಲವರು ಬಿಲ್ಲೇ ತಪ್ಪಾಗಿತ್ತೆಂದು ಕ್ರೆಡಿಟ್ ನೋಟ್ ಬರೆದುಬಿಡುತ್ತಾರೆ. ಪರಿಶೀಲನೆಗೆ ಬಂದ ಅಧಿಕಾರಿ ಕೆಲಸದ ದಾಖಲೆ ಕೇಳಿದಾಗ ಅದು ನಿಲ್ಲುವುದಿಲ್ಲ.

ಇನ್ನು ದಿನಾಂಕದ ಮಾತು. ವರದಿ ಬರೆಯುವ ಪ್ರೋಗ್ರಾಮರ್‌ಗಳು ಸಾಮಾನ್ಯವಾಗಿ ಮಾಡುವುದು, ಸ್ಥಿತಿ ಓಪನ್ ಅಥವಾ ಪೇಯ್ಡ್ ಆಗಿರುವ ಬಿಲ್‌ಗಳನ್ನೆಲ್ಲ ತಿಂಗಳ ಪ್ರಕಾರ ಕೂಡುವುದು. ಮೇಲ್ನೋಟಕ್ಕೆ ತಪ್ಪೇನೂ ಕಾಣದು. ಮೈಸೂರಿನ ಕಂಪನಿಯ ಡಿಸೆಂಬರ್ ಮಾರಾಟ ₹2,40,000 ಎಂದಿಟ್ಟುಕೊಳ್ಳಿ. ಜನವರಿ 5ರಂದು ತೆಗೆದ ವರದಿ ಅಷ್ಟನ್ನೇ ತೋರಿಸುತ್ತದೆ, ಅದನ್ನು ಹೂಡಿಕೆದಾರರಿಗೆ ಕಳಿಸಿಯೂ ಆಗುತ್ತದೆ. ಮಾರ್ಚ್ 25ರಂದು ₹50,000ದ ಬಿಲ್ ವಸೂಲಾಗದ್ದು ಎಂದಾಗುತ್ತದೆ. ಏಪ್ರಿಲ್ 5ರಂದು ಡಿಸೆಂಬರ್‌ನ ಅದೇ ವರದಿಯನ್ನು ಮತ್ತೆ ತೆಗೆದರೆ ಬರುವುದು ₹1,90,000. ಮುಗಿದುಹೋದ ತಿಂಗಳ ಮಾರಾಟ ತಾನಾಗಿಯೇ ಇಳಿದಿದೆ, ಯಾಕೆಂದು ಯಾರಿಗೂ ತಿಳಿಯುವುದಿಲ್ಲ.

ಸ್ಥಿತಿಯ ಕಾಲಂ ಈ ಕ್ಷಣದ ಸಂಗತಿಯನ್ನು ಮಾತ್ರ ಹೇಳುತ್ತದೆ, ವರದಿಗೆ ಬೇಕಾದದ್ದು ಆಯಾ ದಿನದ ಸಂಗತಿ. ಅದಕ್ಕಾಗಿಯೇ ಸ್ಟ್ರೈಪ್ ಪ್ರತಿ ಬಿಲ್‌ಗೂ ನಾಲ್ಕು ಸಮಯಗಳನ್ನು ಪ್ರತ್ಯೇಕ ಬರೆದಿಡುತ್ತದೆ: `finalized_at`, `paid_at`, `voided_at`, `marked_uncollectible_at`. ಡಿಸೆಂಬರ್ 31ರಂದು ಇದ್ದ ಬಾಕಿ ಬೇಕೆಂದರೆ, ಆ ದಿನದೊಳಗೆ ಅಂತಿಮಗೊಂಡ, ಮತ್ತು ಆ ದಿನದೊಳಗೆ ಪಾವತಿಯೂ ಆಗದ, ರದ್ದೂ ಆಗದ, ವಸೂಲಾಗದ್ದೆಂದು ಗುರುತೂ ಬೀಳದ ಬಿಲ್‌ಗಳನ್ನು ಕೂಡಬೇಕು. ಮಾರ್ಚ್‌ನಲ್ಲಿ ಏನಾಯಿತು ಎಂಬುದು ಡಿಸೆಂಬರ್‌ನ ಅಂಕಿಯನ್ನು ಮುಟ್ಟುವುದಿಲ್ಲ. ₹50,000 ಡಿಸೆಂಬರ್‌ನ ಆದಾಯವಾಗಿಯೇ ಉಳಿಯುತ್ತದೆ; ಮಾರ್ಚ್‌ನ ಲಾಭ-ನಷ್ಟ ಪಟ್ಟಿಯಲ್ಲಿ ಮುಳುಗಿದ ಸಾಲ ಎಂಬ ಖರ್ಚಾಗಿ ಕಾಣಿಸಿಕೊಳ್ಳುತ್ತದೆ. ಮೊದಲೇ ಹಣ ಎತ್ತಿಟ್ಟಿದ್ದರೆ ಅದರಿಂದ ಕಳೆದುಹೋಗುತ್ತದೆ. ಹೀಗೆ ಮಾಡಿದಾಗ, ಸಾಫ್ಟ್‌ವೇರ್ ಮಾರಾಟವಾಗುತ್ತಿದೆಯೇ ಎಂಬ ಪ್ರಶ್ನೆಗೂ ಕೊಂಡವರು ಹಣ ಕೊಡುತ್ತಿದ್ದಾರೆಯೇ ಎಂಬ ಪ್ರಶ್ನೆಗೂ ಬೇರೆ ಬೇರೆ ಉತ್ತರ ಸಿಗುತ್ತದೆ.

ವಾಯ್ಡ್‌ಗೆ ಇದೇ ನಿಯಮ ಹಚ್ಚಿದರೆ ಒಂದು ತೊಡಕು ಬರುತ್ತದೆ. ಮಾರ್ಚ್‌ನಲ್ಲಿ ಎರಡು ಸಲ ಹೋದ ಬಿಲ್ಲನ್ನು ಏಪ್ರಿಲ್ 5ರಂದು ಗಮನಿಸಿ ರದ್ದುಮಾಡಿದರು ಎನ್ನೋಣ. ಆ ಮಾರಾಟ ಮಾರ್ಚ್‌ನಲ್ಲೂ ಇರಲಿಲ್ಲ. ಮಾರ್ಚ್‌ನ ಪುಸ್ತಕ ಇನ್ನೂ ಮುಚ್ಚಿಲ್ಲವಾದರೆ ಮಾರ್ಚ್‌ನಲ್ಲೇ ತೆಗೆದುಹಾಕುವುದು ಸರಿ. ಪುಸ್ತಕ ಮುಚ್ಚಿ, ಲೆಕ್ಕ ಪರಿಶೋಧನೆ ಮುಗಿದ ಮೇಲೆ ಅಕ್ಟೋಬರ್‌ನಲ್ಲಿ ಸಿಕ್ಕರೆ, ಸಣ್ಣ ಮೊತ್ತವನ್ನು ಅಕ್ಟೋಬರ್‌ನಲ್ಲಿ ಕಳೆದು ತೋರಿಸುತ್ತಾರೆ. ವರದಿ ಓದುವವರ ತೀರ್ಮಾನವನ್ನೇ ಬದಲಿಸುವಷ್ಟು ದೊಡ್ಡ ಮೊತ್ತವಾದರೆ, ಇಂಡ್ ಎಎಸ್ ಪಾಲಿಸುವ ಕಂಪನಿ ಹಳೆಯ ವರ್ಷದ ಅಂಕಿಗಳನ್ನೇ ತಿದ್ದಿ ಮತ್ತೆ ಮಂಡಿಸಬೇಕು. ಯಾವುದು ದೊಡ್ಡದು ಎಂಬ ನಿರ್ಧಾರ ತಂತ್ರಾಂಶದ ಕೈಯಲ್ಲಿಲ್ಲ. ಅದು ಚಾರ್ಟರ್ಡ್ ಅಕೌಂಟೆಂಟರ ವಿವೇಚನೆಗೆ ಬಿಟ್ಟದ್ದು.

ವರದಿ ನೆಟ್ಟಗಿದೆಯೇ ಎಂದು ತಿಳಿಯಲು ಲೆಕ್ಕಶಾಸ್ತ್ರ ಓದಿರಬೇಕಿಲ್ಲ. ಮೂರು ತಿಂಗಳ ಹಿಂದೆ ಮುದ್ರಿಸಿಟ್ಟ ಮಾರಾಟದ ವರದಿಯನ್ನು ಇವತ್ತು ಮತ್ತೆ ತೆಗೆದು ಪಕ್ಕದಲ್ಲಿಟ್ಟು ನೋಡಿದರೆ ಸಾಕು. ಅಂಕಿ ಬದಲಾಗಿದ್ದರೆ, ವರದಿ ದಿನಾಂಕವನ್ನು ಬಿಟ್ಟು ಇಂದಿನ ಸ್ಥಿತಿಯನ್ನು ಓದುತ್ತಿದೆ ಎಂದೇ ಅರ್ಥ. ಆಮೇಲೆ ವರ್ಷದ ಬಿಲ್ ಸಂಖ್ಯೆಗಳನ್ನು ಮೊದಲಿನಿಂದ ಕೊನೆಯವರೆಗೆ ಸಾಲಾಗಿ ಇಳಿಸಬೇಕು. ವಾಯ್ಡ್ ಆದವೂ ಸೇರಿ ಪ್ರತಿ ಸಂಖ್ಯೆಗೂ ಒಂದು ದಾಖಲೆ ಸಿಗಬೇಕು, ಪ್ರತಿ ವಾಯ್ಡ್ ಮುಂದೆಯೂ ಯಾಕೆ ರದ್ದಾಯಿತು, ಅದರ ಬದಲಿಗೆ ಬಂದ ಬಿಲ್ ಯಾವುದು ಎಂಬ ಟಿಪ್ಪಣಿ ಇರಬೇಕು. ಬದಲಿ ಬಿಲ್ಲೂ ಇಲ್ಲ, ಕಾರಣವೂ ಇಲ್ಲ, ಕೆಲಸ ಮಾತ್ರ ಆಗಿದೆ ಎಂಬಂಥ ವಾಯ್ಡ್‌ಗಳು ಸಾಲಾಗಿ ಕಂಡರೆ, ಮುಳುಗಿದ ಸಾಲವನ್ನು ಯಾರೋ ಅಲ್ಲಿ ಮುಚ್ಚಿಟ್ಟಿದ್ದಾರೆ ಎಂದೇ ಅನುಮಾನಿಸಬೇಕು.

ಬಾಗಿಲು ಮುಚ್ಚಿದ ಆ ಕ್ಲಿನಿಕ್‌ನ ವೈದ್ಯರು ಜುಲೈಯಲ್ಲಿ ಬೇರೆ ಕಡೆ ಹೊಸ ಕ್ಲಿನಿಕ್ ತೆರೆದು, ಹಳೆಯ ಋಣ ಉಳಿಸಿಕೊಳ್ಳುವುದು ಬೇಡವೆಂದು ಪೂರ್ತಿ ₹50,000 ಕಳಿಸಿದರು ಎಂದುಕೊಳ್ಳೋಣ. ಹೊಸ ಬಿಲ್ ಮಾಡುವ ಅಗತ್ಯವಿಲ್ಲ, ಮಾಡಲೂಬಾರದು. ಮಾಡಿದರೆ ಒಂದೇ ಕೆಲಸಕ್ಕೆ ಎರಡು ಸಲ ಮಾರಾಟ ತೋರಿಸಿದಂತಾಗಿ, ಇನ್ನೊಂದು ₹9,000 ಜಿಎಸ್‌ಟಿ ತಲೆಗೆ ಬರುತ್ತದೆ. ಹಳೆಯ ಬಿಲ್ಲನ್ನೇ ತೆರೆದು ಪೇಯ್ಡ್ ಎಂದು ಗುರುತಿಸಬೇಕು. ಡಿಸೆಂಬರ್‌ನ ಆದಾಯ ಇದ್ದಲ್ಲೇ ಇರುತ್ತದೆ, ಮಾರ್ಚ್‌ನ ನಷ್ಟವೂ ಇದ್ದಲ್ಲೇ ಇರುತ್ತದೆ. ಜುಲೈ ತಿಂಗಳ ಪುಸ್ತಕದಲ್ಲಿ ಮಾತ್ರ, ಮಾರಾಟದ ಸಾಲಿನಿಂದ ಹೊರಗೆ, ವಸೂಲಾದ ಹಳೆಯ ಬಾಕಿ ಎಂಬ ಪ್ರತ್ಯೇಕ ತಲೆಬರಹದಡಿ ₹50,000 ಸೇರುತ್ತದೆ. ಮಾರ್ಚ್‌ನಲ್ಲಿ ಆ ಮೊತ್ತವನ್ನು ನಷ್ಟವೆಂದು ತೋರಿಸಿ ಆದಾಯ ತೆರಿಗೆ ಉಳಿಸಿದ್ದರೆ, ಈಗ ಬಂದ ಹಣಕ್ಕೆ ಈ ವರ್ಷದಲ್ಲಿ ತೆರಿಗೆ ಕಟ್ಟಬೇಕು.